ತಮ್ಮ "ನಾನಿಲ್ಲದಿದ್ರ ನಿಮಗ ಹಗುರ" ಅಂದ. ಇದು ಬರೀ ಬೇಸರವಾ?

ಸಿಂಧನೂರು ಅಕ್ಕ · ಭಾನುವಾರ, ಸಂಜೆ 6:10

ನಮಸ್ಕಾರ. ನನ್ನ ತಮ್ಮನ ವಿಷಯ ಕೇಳಬೇಕಿತ್ತು. ವಯಸ್ಸು 28. ಮದುವೆಯಾಗಿದೆ, ಒಂದು ಹೆಣ್ಣು ಮಗು. ಸ್ವಂತ ನಾಲ್ಕು ಎಕರೆ ಇದೆ, ಇನ್ನೂ ಆರು ಎಕರೆ ಗುತ್ತಿಗೆ ಹಿಡಿದು ಮೆಣಸಿನಕಾಯಿ ಹಾಕಿದ್ದ. ರೇಟು ಬಿತ್ತು. ಸಾಲ ಇದೆ.

ಎರಡು ತಿಂಗಳಿಂದ ಅವನು ಅವನಂತಿಲ್ಲ. ರಾತ್ರಿ ಮೂರಕ್ಕೆ ಎದ್ದು ಕಟ್ಟೆ ಮೇಲೆ ಕೂರುತ್ತಾನೆ. ಊಟಕ್ಕೆ ಕರೆದರೆ "ಆಮೇಲೆ" ಅನ್ನುತ್ತಾನೆ, ಆ ಆಮೇಲೆ ಬರುವುದೇ ಇಲ್ಲ. ಮೊದಲು ದೊಡ್ಡಾಟದ ತಾಲೀಮು ಅಂದ್ರೆ ಊಟ ಬಿಟ್ಟು ಓಡುತ್ತಿದ್ದವನು. ಈ ಸಲ ಕರೆಯೋಕೆ ಬಂದವರಿಗೆ ಒಳಗಿನಿಂದಲೇ "ಇಲ್ಲ ಅಂತ ಹೇಳು" ಅಂದ. ಮನೆಯಲ್ಲಿ ಎಲ್ಲರೂ ಬೇಸರ ಅಂದುಕೊಂಡಿದ್ದೆವು. ಬೆಳೆ ಕೈ ಕೊಟ್ಟರೆ ಯಾರಿಗೆ ಬೇಸರ ಆಗಲ್ಲ?

ಹೋದ ವಾರ ನಾನು ತವರಿಗೆ ಹೋಗಿದ್ದಾಗ ಒಂದು ಮಾತಂದ. "ನಾನಿಲ್ಲದಿದ್ರ ನಿಮಗೆಲ್ಲಾ ಹಗುರ ಆಗ್ತದ ಬಿಡಕ್ಕ." ನಾನು ಬೈದೆ. ಮರುದಿನ ಎತ್ತಿನ ಕೊರಳ ಗೆಜ್ಜೆ ಸರ ತಂದು ನನ್ನ ಮಗನ ಕೈಗೆ ಕೊಟ್ಟು "ಇನ್ನ ಮ್ಯಾಲ ನೀನೇ ಇಟ್ಕೋ" ಅಂದ. ಅದು ನಮ್ಮ ಅಪ್ಪನ ಕಾಲದ್ದು, ಯಾರಿಗೂ ಮುಟ್ಟೋಕೆ ಬಿಡುತ್ತಿರಲಿಲ್ಲ. ಆಮೇಲೆ ಹೆಂಡತಿಗೆ ಪಾಸ್‌ಬುಕ್ ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು ಅಂತ ನೋಟ್‌ಬುಕ್‌ನಲ್ಲಿ ಬರೆದು ತೋರಿಸಿದ್ದಾನೆ.

ನಿನ್ನೆಯಿಂದ ಮಾತ್ರ ಒಂಥರಾ ಶಾಂತವಾಗಿದ್ದಾನೆ. ಎರಡು ರೊಟ್ಟಿ ತಿಂದ. ಮಗಳನ್ನು ಎತ್ತಿಕೊಂಡ. ಅವ್ವ ಖುಷಿಯಾಗಿ ನನಗೆ ಫೋನ್ ಮಾಡಿದಳು. ನನಗೆ ಮಾತ್ರ ಯಾಕೋ ಹೊಟ್ಟೆಯಲ್ಲಿ ಸಂಕಟ. ಖುಷಿ ಪಡಬೇಕಾ ಹೆದರಬೇಕಾ ತಿಳಿಯುತ್ತಿಲ್ಲ.

ಸಿರುಗುಪ್ಪ ಮಾವ · ಸಂಜೆ 6:32

ಅವ್ವಾ, ಉಂಡಿದ್ದಾನೆ ಅಂದ ಮೇಲೆ ಗಾಳಿ ಬಿಟ್ಟಿದೆ ಅಂತಲೇ ಲೆಕ್ಕ. ನನ್ನ ಅನುಭವದ ಮೇಲೆ ಎರಡು ಮಾತು. ಒಂದು, ಒಬ್ಬನನ್ನೇ ಹೊಲಕ್ಕೆ ಕಳಿಸಬೇಡಿ. ಶೆಡ್ಡಿನಲ್ಲಿರುವ ಹೊಲಕ್ಕೆ ಹೊಡೆಯೋ ಎಣ್ಣೆ ಡಬ್ಬಿಗಳಿಗೆ ಬೀಗ ಹಾಕಿ. ಎರಡು, ಸಾವಿನ ಮಾತು ಅಪ್ಪಿತಪ್ಪಿಯೂ ಅವನ ಮುಂದೆ ಎತ್ತಬೇಡಿ. ಇಲ್ಲದ್ದನ್ನು ತಲೆಗೆ ತುಂಬಿದಂತೆ ಆಗುತ್ತೆ. ಹುಲಿಗೆಮ್ಮನ ಹತ್ತಿರ ಕರೆದುಕೊಂಡು ಹೋಗಿ, ಅವ್ವನ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿ. ನಮ್ಮ ಹುಡುಗರು ಆಣೆ ಮುರಿಯಲ್ಲ.

ಮಾನ್ವಿ ಸಿಸ್ಟರ್ · ಸಂಜೆ 6:41

ತಂಗಿ, ಮೊದಲು ಇದನ್ನು ಓದು. ಇವತ್ತು ರಾತ್ರಿ ಅವನನ್ನು ಒಬ್ಬನೇ ಬಿಡಬೇಡ. ನೀನು ತವರಿನಲ್ಲಿ ಇಲ್ಲದಿದ್ದರೆ ಈಗಲೇ ಹೊರಡು, ಇಲ್ಲಾ ಅವನ ಹೆಂಡತಿಗೆ ಫೋನ್ ಮಾಡಿ ಹೇಳು. ಎಣ್ಣೆ ಡಬ್ಬಿಗಳ ವಿಷಯದಲ್ಲಿ ಮಾವ ಹೇಳಿದ್ದು ಸರಿ, ಆದರೆ ಬೀಗ ಸಾಲದು. ಕತ್ತಲಾಗುವ ಮುಂಚೆ ಮನೆಯಿಂದಲೇ ಆಚೆ ಸಾಗಿಸಿ. ಯಾಕೆ ಅಂತ ಆಮೇಲೆ ಬರೀತೀನಿ.

ನಾನು ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ 11 ವರ್ಷ ನರ್ಸ್ ಆಗಿದ್ದೀನಿ. ನೀನು ಬರೆದಿದ್ದರಲ್ಲಿ ನನಗೆ ಜಾಸ್ತಿ ಹೆದರಿಕೆ ತಂದಿದ್ದು ನಿನ್ನೆಯ ಶಾಂತಿ. ಎರಡು ತಿಂಗಳ ಒದ್ದಾಟ ಯಾವ ಕಾರಣವೂ ಇಲ್ಲದೆ ಒಂದೇ ದಿನಕ್ಕೆ ನಿಂತರೆ ನಾವು ಎಚ್ಚರವಾಗುತ್ತೇವೆ. ಸಾಲ ತೀರಿಲ್ಲ, ನಿದ್ದೆ ಬಂದಿಲ್ಲ, ಚಿಕಿತ್ಸೆ ಶುರುವಾಗಿಲ್ಲ. ಹಾಗಾದರೆ ಈ ಹಗುರ ಎಲ್ಲಿಂದ ಬಂತು? ಕೆಲವರಿಗೆ ಅದು ಒಳಗೊಳಗೇ ತೀರ್ಮಾನ ಮಾಡಿಕೊಂಡ ಮೇಲೆ ಬರುತ್ತದೆ. ಎಲ್ಲರಿಗೂ ಹಾಗೇ ಅಂತಲ್ಲ. ಆದರೆ ಗೆಜ್ಜೆ ಸರ ಕೊಟ್ಟಿದ್ದು, ಲೆಕ್ಕ ಬರೆದಿಟ್ಟಿದ್ದು, ಹಗುರ ಆಗ್ತದ ಅಂದಿದ್ದು, ಈ ಮೂರೂ ಒಂದೇ ವಾರದಲ್ಲಿ ಬಂದಿವೆ. ಬರೀ ಬೇಸರದವನು ಅಪ್ಪನ ಗೆಜ್ಜೆ ಹಂಚುವುದಿಲ್ಲ ತಂಗಿ.

ಈಗ ಕೇಳುವ ವಿಷಯ. ಮಾವ, ಸಿಟ್ಟಾಗಬೇಡಿ. ಕೇಳಿದರೆ ತಲೆಗೆ ತುಂಬಿದಂತೆ ಅನ್ನೋದು ತಪ್ಪು. ನಾವು ದಿನಾ ಕೇಳುತ್ತೇವೆ. ಒಳಗೆ ಅಂಥ ಯೋಚನೆ ಇಲ್ಲದವನು "ಛೇ, ಏನಕ್ಕ ಇದು" ಅಂತ ಎದ್ದು ಹೋಗುತ್ತಾನೆ. ಇರುವವನಿಗೆ ಉಸಿರು ಬಿಟ್ಟಂತೆ ಆಗುತ್ತದೆ, ಯಾಕಂದ್ರೆ ಅಷ್ಟು ದಿನ ಅವನೊಬ್ಬನೇ ಅದನ್ನು ಹೊತ್ತಿರುತ್ತಾನೆ.

ಹೇಗೆ ಕೇಳಬೇಕು ಅಂದ್ರೆ, ಮಕ್ಕಳೆಲ್ಲ ಆಚೆ ಇರುವಾಗ ಪಕ್ಕದಲ್ಲಿ ಕೂತು ನೇರವಾಗಿ ಕೇಳು. "ಇಷ್ಟು ಕಷ್ಟದಾಗ ಕೆಲವರಿಗೆ ಸಾಯಬೇಕು ಅನಿಸ್ತದ. ನಿನಗ ಅನಿಸೇದೇನು?" ಅಷ್ಟೇ. "ನೀನು ಅಂಥದ್ದೇನೂ ಯೋಚನೆ ಮಾಡಿಲ್ಲ ತಾನೆ?" ಅಂತ ಕೇಳಬೇಡ. ಹಾಗೆ ಕೇಳಿದರೆ "ಇಲ್ಲ" ಅನ್ನೋ ಉತ್ತರವನ್ನು ನೀನೇ ಅವನ ಬಾಯಿಗೆ ಇಟ್ಟಂತೆ. ಹೂಂ ಅಂದ್ರೆ ಬೈಬೇಡ, ಅಳು ಬಂದ್ರೆ ಅಳು, ಆದರೆ ಮಗಳ ಮುಖ ನೋಡು, ಅವ್ವನ ಮುಖ ನೋಡು ಅಂತ ಶುರು ಮಾಡಬೇಡ. ಅವನು ಈಗಾಗಲೇ ಭಾರ ಅಂದುಕೊಂಡಿದ್ದಾನೆ, ಅದರ ಮೇಲೆ ತಪ್ಪಿನ ಭಾರ ಬೇಡ.

ಹೂಂ ಅಂದರೆ ಇನ್ನೂ ಮೂರು ಕೇಳು. ಹೇಗೆ ಅಂತ ಯೋಚಿಸಿದ್ದೀಯಾ? ಯಾವಾಗ ಅಂತ? ಮುಂಚೆ ಯಾವಾಗಾದರೂ ಪ್ರಯತ್ನ ಮಾಡಿದ್ದೀಯಾ? "ಸತ್ತಿದ್ರೆ ಚೆನ್ನಾಗಿತ್ತು" ಅನ್ನೋದು ಒಂದು ಹಂತ. "ಸಾಯಬೇಕು" ಅನ್ನೋದು ಅದರ ಮುಂದಿನದು. ಹೇಗೆ, ಯಾವಾಗ ಅಂತ ಇಟ್ಟುಕೊಂಡಿದ್ದರೆ ಇನ್ನೂ ಮುಂದಿನದು. ಆಗ ಮನೆಯಲ್ಲಿ ಸಮಾಧಾನ ಹೇಳುತ್ತಾ ಕೂರಬಾರದು, 108 ಅಥವಾ 112ಕ್ಕೆ ಫೋನ್ ಮಾಡಿ ರಾತ್ರಿಯಾದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಬೇಕು. ಮಾತಾಡುವಾಗ ದಿಕ್ಕು ತೋಚದಿದ್ದರೆ 14416ಕ್ಕೆ ಮಾಡು. ಟೆಲಿಮನಸ್ ಅಂತ. 24 ಗಂಟೆ ಇರುತ್ತೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯವರೂ ಮಾಡಬಹುದು, ರೋಗಿಯೇ ಮಾಡಬೇಕು ಅಂತೇನಿಲ್ಲ.

ಲಿಂಗಸುಗೂರು ರೈತ · ಸಂಜೆ 7:05

ಅಕ್ಕಾ, ಬೆಳೆ ವಿಮೆ ಕಟ್ಟಿದ್ದಾರಾ? ಗುತ್ತಿಗೆ ಹೊಲಕ್ಕೆ ಕಾಗದ ಮಾಡಿಸಿಕೊಂಡಿದ್ದಾರಾ? ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬ್ಯಾಂಕಿನವರ ಹತ್ತಿರ ಕೂತರೆ ಸಾಲದ ಕಂತು ಮುಂದೂಡಿಸಬಹುದು. ಮೂಲ ಅಲ್ಲೇ ಇದೆ. ದುಡ್ಡು ಸರಿಯಾದರೆ ಎಲ್ಲ ಸರಿಯಾಗುತ್ತೆ.

ಸಿಂಧನೂರು ಅಕ್ಕ · ಸಂಜೆ 7:09

ಅಣ್ಣಾ, ಅದೂ ಬೇಕು. ಆದರೆ ಇವತ್ತು ರಾತ್ರಿ ಹೇಗೆ ಕಳೆಯೋದು ಅಂತ ನನ್ನ ಚಿಂತೆ. ನಾನು ಬಸ್ಸಿನಲ್ಲಿದ್ದೀನಿ, ತವರಿಗೆ ಹೊರಟಿದ್ದೀನಿ. ಯಜಮಾನರು ಮಗನನ್ನು ನೋಡಿಕೊಳ್ಳುತ್ತಾರೆ.

ಸಿಂಧನೂರು ಅಕ್ಕ · ರಾತ್ರಿ 11:50

ಕೇಳಿದೆ.

ಹಿತ್ತಲಲ್ಲಿ ಮೇಕೆಗೆ ಸೊಪ್ಪು ಹಾಕುತ್ತಿದ್ದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸಿಸ್ಟರ್ ಬರೆದ ಹಾಗೇ ಕೇಳಿದೆ. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಹೂಂ ಅಕ್ಕ" ಅಂದ. "ದಿನಾ?" ಅಂದೆ. "ಮೂರಕ್ಕೆ ಎಚ್ಚರ ಆಗ್ತದಲ್ಲ, ಆವಾಗ." ಹೇಗೆ ಅಂತ ಯೋಚಿಸಿದ್ದು ನಿಜ ಅಂತ ಒಪ್ಪಿಕೊಂಡ. ಯಾವಾಗ ಅಂತ ದಿನ ಇಟ್ಟಿರಲಿಲ್ಲವಂತೆ, "ಅವ್ವನ ಔಷಧ ಎಲ್ಲ ತಂದಿಟ್ಟ ಮ್ಯಾಲ" ಅಂದ. ಮುಂಚೆ ಪ್ರಯತ್ನ ಮಾಡಿಲ್ಲವಂತೆ. ಅವ್ವನಿಗೆ ಬಿ.ಪಿ. ಮಾತ್ರೆ ಮೂರು ತಿಂಗಳಿಗಾಗುವಷ್ಟು ಶುಕ್ರವಾರ ತಂದಿದ್ದಾನೆ. ನನಗೆ ಕಣ್ಣು ಕತ್ತಲೆ ಬಂತು.

14416ಕ್ಕೆ ಮಾಡಿದೆ. ಒಬ್ಬರು ಹೆಣ್ಣುಮಗಳು ಮೊದಲು ನನ್ನ ಹತ್ತಿರ ಮಾತಾಡಿದರು, ಆಮೇಲೆ ಅವನೇ ಫೋನ್ ತಗೊಂಡ. ಸುಮಾರು 40 ನಿಮಿಷ. ರಾತ್ರಿ ಇಬ್ಬರು ಜೊತೆಗಿದ್ದು, ಎಣ್ಣೆ ಮನೆಯಲ್ಲಿಲ್ಲ ಅಂತ ಖಾತ್ರಿ ಇದ್ದು, ಅವನೂ ಬರ್ತೀನಿ ಅಂತಿದ್ದರೆ ಬೆಳಿಗ್ಗೆಯೇ ಆಸ್ಪತ್ರೆಗೆ ತನ್ನಿ, ಇದರಲ್ಲಿ ಒಂದು ತಪ್ಪಿದರೂ ಈಗಲೇ ಹೊರಡಿ ಅಂದರು. ಡಬ್ಬಿಗಳನ್ನು ಕಾಕಾ ಟ್ರ್ಯಾಕ್ಟರ್ ಮೇಲೆ ಹಾಕಿಕೊಂಡು ಹೋದರು. ಈಗ ನಾನು ಒಂದು ಕಡೆ, ಅವನ ಹೆಂಡತಿ ಒಂದು ಕಡೆ, ನಡುವೆ ಅವನು ಮಲಗಿದ್ದಾನೆ. ನಿದ್ದೆ ಬಂದಿದೆಯೋ ಇಲ್ಲವೋ ಗೊತ್ತಿಲ್ಲ.

ಸಿರುಗುಪ್ಪ ಮಾವ · ಸೋಮವಾರ, ಬೆಳಿಗ್ಗೆ 5:30

ಕೇಳಬೇಡ ಅಂದಿದ್ದೆ. ನನ್ನ ಮಾತು ಕೇಳದೆ ಒಳ್ಳೆಯದು ಮಾಡಿದೆ ತಾಯಿ.

ಒಂದು ಅನುಮಾನ. ಆಸ್ಪತ್ರೆಯಲ್ಲಿ ಹೀಗೆಲ್ಲ ಹೇಳಿದರೆ ಪೊಲೀಸರು ಬರಲ್ವಾ? ಮತ್ತೆ ಇದಕ್ಕೆ ಬೆಂಗಳೂರಿಗೇ ಹೋಗಬೇಕಾ?

ಸಂಡೂರು ಮೇಷ್ಟ್ರು · ಬೆಳಿಗ್ಗೆ 6:15

ಯೋಚನೆ ಬಂದಿದೆ ಅಂತ ಡಾಕ್ಟರ್ ಹತ್ತಿರ ಹೇಳೋದು ಯಾವತ್ತೂ ಅಪರಾಧ ಆಗಿರಲಿಲ್ಲ ಮಾವ. ಪ್ರಯತ್ನ ಮಾಡಿದವರ ಮೇಲೆ ಮೊದಲು ಕೇಸ್ ಆಗುತ್ತಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಅವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕೆಲಸ ಅಂತ ಅದರಲ್ಲೇ ಇದೆ.

ಬೆಂಗಳೂರಿಗೆ ಹೋಗಬೇಕಿಲ್ಲ. ಇದಂತೂ ನಮ್ಮ ಬಳ್ಳಾರಿಯವರು ಹೇಳಲೇಬೇಕಾದ ಮಾತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಔಷಧ ಕೊಡಬಹುದಾ ಅಂತ ಮಾಡಿ ನೋಡಿದ್ದು ನಮ್ಮ ಜಿಲ್ಲೆಯಲ್ಲೇ. ಅದು ನಡೆಯುತ್ತೆ ಅಂತ ಕಂಡ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದೇಶದ ಬೇರೆ ಜಿಲ್ಲೆಗಳಿಗೂ ತಂದರು. ಈಗ ರಾಯಚೂರು ರಿಮ್ಸ್, ಕೊಪ್ಪಳ, ಬಳ್ಳಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೇ ತೋರಿಸಬಹುದು.

ಗಂಗಾವತಿ ಮಗಳು · ಬೆಳಿಗ್ಗೆ 9:20

ನನ್ನದೂ ಹೇಳಬಹುದಾ? ಎರಡು ವರ್ಷದ ಹಿಂದೆ, ಎರಡನೇ ಹೆರಿಗೆಯಾದ ಮೇಲೆ ನನಗೆ ಹೀಗಾಗಿತ್ತು. ಡಾಕ್ಟರ್ ಮಾತ್ರೆ ಕೊಟ್ಟರು, ಜೊತೆಗೆ ಒಂದು ಹಾಳೆ ಬರೆಸಿದರು. ಸುರಕ್ಷತಾ ಯೋಜನೆ ಅಂತ. ಮನಸ್ಸು ಮತ್ತೆ ಆ ಕಡೆ ಜಾರಿದಾಗ ಒಂದಾದ ಮೇಲೊಂದು ಏನು ಮಾಡಬೇಕು ಅಂತ.

ಮೊದಲ ಹಾಳೆ ಕೆಲಸಕ್ಕೆ ಬರಲಿಲ್ಲ. ಯಾಕೆ ಅಂತ ಹೇಳ್ತೀನಿ, ಅಕ್ಕನಿಗೆ ಉಪಯೋಗ ಆಗಬಹುದು. ಅದನ್ನು ನಮ್ಮ ಯಜಮಾನರು ತುಂಬಿದ್ದರು. ಅಕ್ಷರ ಮುತ್ತಿನ ಹಾಗೆ. "ಮನಸ್ಸು ಕುಗ್ಗಿದಾಗ ಧ್ಯಾನ ಮಾಡುವುದು. ಧನಾತ್ಮಕವಾಗಿ ಯೋಚಿಸುವುದು. ಆಪ್ತರೊಡನೆ ಮಾತನಾಡುವುದು." ಒಂದು ಮಧ್ಯಾಹ್ನ ನನಗೆ ಜಾರಿತು. ಹಾಳೆ ತೆಗೆದು ನೋಡಿದೆ. ಒಂದು ಸಾಲೂ ನನ್ನದಲ್ಲ ಅನಿಸಿತು. ಆಪ್ತರು ಅಂದ್ರೆ ಯಾರು? ಅವರ ನಂಬರ್ ಎಲ್ಲಿ? ಅವತ್ತು ಪಕ್ಕದ ಮನೆ ಅಜ್ಜಿ ಸುಮ್ನೆ ಹೆಪ್ಪು ಕೇಳೋಕೆ ಬಂದಿದ್ದರಿಂದ ಹೊತ್ತು ದಾಟಿತು.

ಎರಡನೇ ಸಲ ಕೌನ್ಸಿಲರ್ ಮೇಡಂ ನನ್ನ ಕೈಗೇ ಪೆನ್ನು ಕೊಟ್ಟರು. "ನಿನಗೆ ಶುರುವಾಗೋದು ಹೇಗೆ? ನಿನ್ನ ಮಾತಲ್ಲೇ ಬರಿ" ಅಂದರು. ನಾನು ಬರೆದೆ: "ಬಾಯಿ ಒಣಗುತ್ತೆ. ಮಗು ಅತ್ತರೂ ದೂರದಲ್ಲಿ ಯಾರೋ ಅತ್ತಂಗೆ ಕೇಳುತ್ತೆ. ಅಡುಗೆ ಮನೆ ಬಾಗಿಲಲ್ಲಿ ನಿಂತೇ ಇರ್ತೀನಿ. ಅಮ್ಮನ ಫೋನ್ ಎತ್ತಲ್ಲ." ಅದು ನನಗೆ ಮಾತ್ರ ಅರ್ಥವಾಗೋ ಸಾಲು. ಈಗಲೂ ಬಾಯಿ ಒಣಗಿದ ಕೂಡಲೇ ನನಗೆ ಗೊತ್ತಾಗುತ್ತೆ, ಹಾಳೆ ತೆಗೆಯುವ ಹೊತ್ತು ಅಂತ. ಆ ಹಾಳೆ ಫೋನ್ ಕವರ್ ಹಿಂದೆ ಇದೆ.

ಸಿಂಧನೂರು ಅಕ್ಕ · ಮಧ್ಯಾಹ್ನ 3:40

ಆಸ್ಪತ್ರೆಗೆ ಹೋಗಿ ಬಂದೆವು. ಮಾತ್ರೆ ಶುರು ಮಾಡಿದ್ದಾರೆ. ಸೇರಿಸಿಕೊಳ್ಳೋಕೂ ತಯಾರಿದ್ದರು. ಅವನು ಇರಲ್ಲ ಅಂದ. ಅವನ ಹತ್ತಿರ ಒಬ್ಬನೇ ಮಾತಾಡಿ, ನಮ್ಮನ್ನೂ ಕೇಳಿ, ಮನೆಯಲ್ಲಿ ಯಾವಾಗಲೂ ಒಬ್ಬರು ಜೊತೆಗಿರಬೇಕು, ಮೂರನೇ ದಿನಕ್ಕೆ ಬಂದು ತೋರಿಸಬೇಕು, ಕೆಟ್ಟದಾದರೆ ಕಾಯದೆ ಬರಬೇಕು ಅಂತ ಕಳಿಸಿದರು. ಸುರಕ್ಷತಾ ಯೋಜನೆ ಬರೆಯಿರಿ ಅಂದರು, ಆದರೆ ಜನ ಸಾಲಾಗಿ ನಿಂತಿದ್ದರು, ಪೂರ್ತಿ ಕೂರಿಸಿ ಬರೆಸೋಕೆ ಆಗಲಿಲ್ಲ. ಗುರುವಾರ ನೋಡ್ತೀನಿ ಅಂದಿದ್ದಾರೆ. ಸಿಸ್ಟರ್, ಅಲ್ಲಿಯವರೆಗೆ ನಾವೇ ಶುರು ಮಾಡಬಹುದಾ?

ಮಾನ್ವಿ ಸಿಸ್ಟರ್ · ಸಂಜೆ 5:15

ಮಾಡಬಹುದು. ಗಂಗಾವತಿ ಮಗಳು ಅರ್ಧ ಪಾಠ ಹೇಳಿಬಿಟ್ಟಿದ್ದಾಳೆ. ಪೆನ್ನು ಅವನ ಕೈಯಲ್ಲಿರಲಿ. ಅವನು ಸ್ವಲ್ಪ ಸಮಾಧಾನವಾಗಿರುವ ಹೊತ್ತಿನಲ್ಲಿ ಕೂರಿ, ರಾತ್ರಿ ಮೂರಕ್ಕೆ ಅಲ್ಲ.

ಮೊದಲು ಅವನಿಗೆ ಒಂದು ಮಾತು ಹೇಳು. ಆ ಯೋಚನೆ ಜೋರಾಗಿ ಬರುವುದು ಅಲೆ ಬಂದ ಹಾಗೆ. ಏರುತ್ತೆ, ಇಳಿಯುತ್ತೆ. ತುಂಬಾ ಜನರಿಗೆ ಅದರ ತುದಿ ಕೆಲವು ನಿಮಿಷದಿಂದ ಕೆಲವು ಗಂಟೆ ಇರುತ್ತೆ ಅಷ್ಟೇ. ಈ ಹಾಳೆ ಸಾಲ ತೀರಿಸಲ್ಲ, ಆ ಅಲೆ ಇಳಿಯೋವರೆಗೆ ಅವನನ್ನು ದಡದಲ್ಲಿ ಹಿಡಿದಿಡುತ್ತೆ. ಅದಕ್ಕೇ ಇದರಲ್ಲಿ ಕ್ರಮ ಇದೆ. ಮೊದಲು ತನಗೆ ಶುರುವಾಗುವ ಗುರುತು. ಆಮೇಲೆ ಯಾರ ಸಹಾಯವೂ ಇಲ್ಲದೆ ತಾನೇ ಮಾಡಬಹುದಾದ್ದು. ಅದು ನಡೆಯದಿದ್ದರೆ ಜನ ಇರುವ ಜಾಗ, ಅಲ್ಲಿ ಮನಸ್ಸಿನ ಮಾತು ಹೇಳಲೇಬೇಕು ಅಂತಿಲ್ಲ. ಅದೂ ಆಗದಿದ್ದರೆ ಬಾಯಿಬಿಟ್ಟು ಹೇಳಬಹುದಾದ ಮನುಷ್ಯ. ಆಮೇಲೆ ಆಸ್ಪತ್ರೆ, 14416. ಮನೆಯನ್ನು ಸುರಕ್ಷಿತ ಮಾಡೋದು ಇದೆಲ್ಲದರ ಜೊತೆಗೇ. ಮೊದಲ ಮೆಟ್ಟಿಲಲ್ಲೇ ಅಲೆ ಜೋರಾಗಿದ್ದರೆ ನಡುವಿನದ್ದೆಲ್ಲ ಬಿಟ್ಟು ಸೀದಾ ಕೊನೆಯದಕ್ಕೆ ಹಾರಬೇಕು. ಇದನ್ನೂ ಬರೆಸು.

ಈಗ ಬೀಗದ ವಿಷಯ. ಮನೆಯಲ್ಲೇ ಬೀಗ ಹಾಕಿಟ್ಟರೆ ಕೀಲಿ ಎಲ್ಲಿದೆ ಅಂತ ಮನೆಯವರಿಗೆ ಗೊತ್ತಿರುತ್ತೆ. ಶ್ರೀಲಂಕಾದಲ್ಲಿ 180 ಹಳ್ಳಿ ತಗೊಂಡು ಅರ್ಧದಷ್ಟು ಹಳ್ಳಿಗಳ ರೈತರ ಮನೆಗಳಿಗೆ ಕೀಟನಾಶಕ ಇಡೋಕೆ ಬೀಗದ ಪೆಟ್ಟಿಗೆ ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಬಂತು. ಪೆಟ್ಟಿಗೆ ಕೊಟ್ಟ ಹಳ್ಳಿಗೂ ಕೊಡದ ಹಳ್ಳಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಸುಮ್ಮನೆ ಬಿಡೋದಲ್ಲ. ಈಗ ಅಪಾಯದಲ್ಲಿರುವ ಒಬ್ಬ ಮನುಷ್ಯನ ಮನೆಯಲ್ಲಿ ಆ ವಸ್ತುವೇ ಇರಬಾರದು. ಎದ್ದು ಊರಾಚೆ ಹೋಗಿ ತರಬೇಕು ಅಂದರೆ ಅಷ್ಟರಲ್ಲಿ ಅಲೆ ಇಳಿಯೋಕೆ ಹೊತ್ತು ಸಿಗುತ್ತೆ, ಯಾರಾದರೂ ಎದುರು ಸಿಗುತ್ತಾರೆ. ಅವ್ವನ ಮೂರು ತಿಂಗಳ ಮಾತ್ರೆಯೂ ಮನೆಯಲ್ಲಿರಬಾರದು ತಂಗಿ. ನೀನು ಇಟ್ಟುಕೊಂಡು ವಾರಕ್ಕಾಗುವಷ್ಟು ಕೊಡು. ಅವನ ಮಾತ್ರೆಗೂ ಇದೇ.

ಸಿರುಗುಪ್ಪ ಮಾವ · ಸಂಜೆ 5:40

ಎಣ್ಣೆ ಇಲ್ಲದೆ ಮೆಣಸಿನಕಾಯಿ ಹೊಲ ಎಷ್ಟು ದಿನ ನಿಲ್ಲುತ್ತೆ ಸಿಸ್ಟರ್? ಆಣೆ ಮಾಡಿಸೋದು ಏನಾಯ್ತು? ಅದಕ್ಕೆ ಖರ್ಚಿಲ್ಲ.

ಮಾನ್ವಿ ಸಿಸ್ಟರ್ · ಸಂಜೆ 5:58

ಹುಲಿಗಿಗೆ ಹೋಗಲಿ, ಅಮ್ಮನಿಗೆ ಕೈ ಮುಗಿಯಲಿ, ಜನರ ನಡುವೆ ಇದ್ದಂತಾಗುತ್ತೆ. ಆಣೆ ಮಾತ್ರ ಬೇಡ ಮಾವ. ನಾವೂ ಮುಂಚೆ "ಮಾಡಿಕೊಳ್ಳಲ್ಲ ಅಂತ ಬರೆದುಕೊಡು" ಅಂತ ಸಹಿ ಹಾಕಿಸುತ್ತಿದ್ದೆವು. ಅದರಿಂದ ಜೀವ ಉಳಿದಿದೆ ಅನ್ನೋಕೆ ಆಧಾರ ಸಿಗಲಿಲ್ಲ, ಬಿಟ್ಟೆವು. ಆಣೆ ಏನು ಮಾಡಬಾರದು ಅಂತ ಹೇಳುತ್ತೆ. ರಾತ್ರಿ ಮೂರಕ್ಕೆ ಏನು ಮಾಡಬೇಕು ಅಂತ ಹೇಳಲ್ಲ. ಇನ್ನೊಂದು ಕೇಡೂ ಇದೆ. ಆಣೆ ಮಾಡಿದವನಿಗೆ ಮತ್ತೆ ಯೋಚನೆ ಬಂದರೆ ನಾಚಿಕೆಗೆ ಯಾರಿಗೂ ಹೇಳಲ್ಲ.

ಹೊಲದ ಪ್ರಶ್ನೆ ಸರಿಯಾಗಿದೆ. ಅದಕ್ಕೆ ದಾರಿ ಮನೆಯವರೇ ಕೂತು ಹುಡುಕಬೇಕು.

ಸಿಂಧನೂರು ಅಕ್ಕ · ಮಂಗಳವಾರ, ರಾತ್ರಿ 8:30

ಬರೆದೆವು. ಎರಡು ಗಂಟೆ ಹಿಡಿಯಿತು, ನಡುವೆ ಎರಡು ಸಲ ಎದ್ದು ಹೋದ. ಅವನನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೀನಿ. ಅವನು ಬರೆದ ಹಾಗೇ.

"ಶುರು ಆಗೋದು: ಹೊಟ್ಯಾಗ ಕಲ್ಲು ಇಟ್ಟಂಗ. ಸಾಲದ ಲೆಕ್ಕ ತಿರುಗಿ ತಿರುಗಿ ಮಾಡ್ತೀನಿ. ಮಗಳ ಮಾರಿ ನೋಡಾಕ ಆಗಂಗಿಲ್ಲ. ನಾನಿಲ್ಲದಿದ್ರ ಅನ್ನೋ ಮಾತು ಬರ್ತದ.

ನಾನೇ ಮಾಡೋದು: ತಣ್ಣೀರು ಮಾರಿಗೆ ಹಾಕ್ಕೊಳ್ಳೋದು. ಮೇಕೆ ಹತ್ರ ಹೋಗೋದು. ಫೋನಿನ್ಯಾಗ ಹೋದ ವರ್ಷದ ತಾಲೀಮಿನ ಹಾರ್ಮೋನಿಯಂ ಅದ, ಅದನ್ನ ಕೇಳೋದು.

ಜನ ಇರೋ ಜಾಗ: ಬಸ್ ಸ್ಟ್ಯಾಂಡ್ ಹತ್ರ ಒಗ್ಗರಣೆ ಮಿರ್ಚಿ ಹೋಟೆಲ್. ತಾಲೀಮಿನ ಕಟ್ಟೆ.

ಹೇಳೋರು: ಅವ್ವ. ಅಕ್ಕ.

ಆಸ್ಪತ್ರೆ, 14416."

ಎಣ್ಣೆ, ಮಾತ್ರೆ ಮನೆಯಲ್ಲಿಲ್ಲ ಅಂತ ನಾನು ಕೆಳಗೆ ಬರೆದೆ.

ಮಾನ್ವಿ ಸಿಸ್ಟರ್ · ರಾತ್ರಿ 9:05

ತಮ್ಮ ಇದನ್ನು ಓದುತ್ತಿದ್ದರೆ, ಚೆನ್ನಾಗಿ ಬರೆದಿದ್ದೀಯಪ್ಪ. ಮೊದಲ ಸಾಲುಗಳನ್ನು ಮುಟ್ಟಬೇಡ. ಮಿಕ್ಕಿದ್ದರ ಬಗ್ಗೆ ನಾಲ್ಕು ಪ್ರಶ್ನೆ.

ನಿನಗೆ ಜೋರಾಗೋದು ರಾತ್ರಿ ಮೂರಕ್ಕೆ. ಆಗ ಹೋಟೆಲ್ ತೆಗೆದಿರಲ್ಲ, ಕಟ್ಟೆಯಲ್ಲಿ ಯಾರೂ ಇರಲ್ಲ. ಹಗಲಿನ ಜಾಗ ಹಗಲಿಗಿರಲಿ, ರಾತ್ರಿಗೆ ಏನು?

ಆ ಹೋಟೆಲ್ ಪಕ್ಕ ಬ್ರಾಂದಿ ಅಂಗಡಿ ಇದೆಯಾ? ಇದ್ದರೆ ಬೇರೆ ಜಾಗ ಹುಡುಕು. ಕುಡಿದರೆ ಅಲೆ ಏರುತ್ತೆ, ತಡೆಯುವ ಬುದ್ಧಿ ಇಳಿಯುತ್ತೆ.

ಅವ್ವನ ಹೆಸರು ಮೊದಲು ಬರೆದಿದ್ದೀಯ. ನಿಜವಾಗಲೂ ಅವ್ವನನ್ನು ಎಬ್ಬಿಸಿ ಹೇಳ್ತೀಯಾ? ಬಿ.ಪಿ. ಇರುವ ಅವ್ವನಿಗೆ? ಮುಲಾಜಿಗೆ ಬರೆದ ಹೆಸರು ಆ ಹೊತ್ತಿನಲ್ಲಿ ನಿಲ್ಲಲ್ಲ.

ಅಕ್ಕ ಬೇರೆ ಊರಲ್ಲಿದ್ದಾಳೆ. ರಾತ್ರಿ ಅವಳ ಫೋನ್ ಸೈಲೆಂಟ್ ಇರುತ್ತಾ?

ಕೊಪ್ಪಳ ಹಾಸ್ಟೆಲ್ · ರಾತ್ರಿ 11:20

ಇದನ್ನೆಲ್ಲ ಓದುತ್ತಾ ಕೂತಿದ್ದೆ. ನನಗೂ ಸತ್ತಿದ್ರೆ ಚೆನ್ನಾಗಿತ್ತು ಅನಿಸುತ್ತೆ. ಆದರೆ ನಾನೇನೂ ಮಾಡಿಕೊಳ್ಳಲ್ಲ. ಹಾಗಾದರೆ ನನಗೆ ಇದು ಬೇಕಿಲ್ಲ ಅಲ್ವಾ?

ಮಾನ್ವಿ ಸಿಸ್ಟರ್ · ರಾತ್ರಿ 11:26

ಬೇಕು ಮಗು. ಬರೆದಿದ್ದು ಒಳ್ಳೆಯದಾಯಿತು. ಆ ಯೋಚನೆ ಹೊಸದಾ, ಮೊದಲಿಗಿಂತ ಜಾಸ್ತಿ ಬರುತ್ತಿದೆಯಾ? ನಿದ್ದೆ ಆಗುತ್ತಿದೆಯಾ? ಇವತ್ತು ರಾತ್ರಿ ನಿನಗೆ ನೀನೇ ಏನಾದರೂ ಮಾಡಿಕೊಳ್ಳಬೇಕು ಅನಿಸುತ್ತಿದೆಯಾ? ಹೌದು ಅಂದರೆ ಈಗಲೇ ರೂಮಿನವರನ್ನು ಎಬ್ಬಿಸು, 112ಕ್ಕೆ ಮಾಡು. ಇಲ್ಲ ಅಂದರೂ ಈಗಲೇ 14416ಕ್ಕೆ ಮಾಡಿ ಮಾತಾಡು. ದಿನಾ ಬರುವ ಮಳೆಗೆ ಹೊಳೆ ತುಂಬುವ ಮುಂಚೆಯೇ ಈ ಹಾಳೆ ಬರೆಯೋದು ಸುಲಭ. ಮಾತಾಡಿದ ಮೇಲೆ ಇಲ್ಲಿ ಒಂದು ಸಾಲು ಹಾಕು, ನಾನು ಎದ್ದಿರ್ತೀನಿ.

ಕೊಪ್ಪಳ ಹಾಸ್ಟೆಲ್ · ಬುಧವಾರ, ರಾತ್ರಿ 12:35

ಇವತ್ತು ಹಾಗೇನಿಲ್ಲ. ಮಾತಾಡಿದೆ. ರೂಮ್‌ಮೇಟ್‌ಗೂ ಹೇಳಿದೆ. ಅವನು ಚಾಪೆ ತಂದು ನನ್ನ ಪಕ್ಕ ಹಾಕಿಕೊಂಡಿದ್ದಾನೆ. ಮನೆಗೆ ಹೇಳೋಕೆ ಇನ್ನೂ ಧೈರ್ಯ ಇಲ್ಲ.

ಸಿಂಧನೂರು ಅಕ್ಕ · ಮೂರು ವಾರದ ನಂತರ, ಶನಿವಾರ ಬೆಳಿಗ್ಗೆ 10:15

ತುಂಬಾ ಜನ ಕೇಳುತ್ತಿದ್ದಿರಿ. ತಡವಾಯಿತು.

ಗುರುವಾರ ಹೋದಾಗ ಡಾಕ್ಟರ್ ಹಾಳೆ ನೋಡಿದರು. ಸಿಸ್ಟರ್ ಕೇಳಿದ ಪ್ರಶ್ನೆಗಳನ್ನೇ ಅವರೂ ಕೇಳಿದರು. ಅವ್ವನ ಹೆಸರು ತೆಗೆದ. ಹೆಂಡತಿಯ ಹೆಸರು ಹಾಕಿದ. ಅವಳ ಹೆಸರು ಮೊದಲು ಯಾಕಿರಲಿಲ್ಲ ಅಂದ್ರೆ ಅವಳಿಗೆ ಗೊತ್ತಾಗಬಾರದು ಅಂತಿದ್ದನಂತೆ. ಅವಳಿಗೆ ಎಲ್ಲಾ ಗೊತ್ತಿತ್ತು. ಹೋಟೆಲ್ ಪಕ್ಕ ಬ್ರಾಂದಿ ಅಂಗಡಿ ಇತ್ತು, ಅದನ್ನೂ ಹೊಡೆದು ಹಾಕಿದ. ರಾತ್ರಿಯ ಜಾಗಕ್ಕೆ ಕಾಕಾನ ಮನೆ ಕಟ್ಟೆ ಅಂತ ಬರೆದ. ಕಾಕಾ ಹೊರಗೇ ಮಲಗುತ್ತಾರೆ, ಮೂರಕ್ಕೆ ಬೀಡಿ ಸೇದೋಕೆ ಅವರೂ ಎದ್ದಿರುತ್ತಾರೆ. ನನ್ನ ಫೋನ್ ಈಗ ದಿಂಬಿನ ಹತ್ತಿರ, ರಿಂಗ್ ಪೂರ್ತಿ ಏರಿಸಿ.

ಮಾತ್ರೆ ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಮೈಗೆ ಮೊದಲು ಬಲ ಬರುತ್ತೆ, ಮನಸ್ಸಿನ ಭಾರ ಆಮೇಲೆ ಇಳಿಯುತ್ತೆ, ಆ ನಡುವಿನ ದಿನಗಳಲ್ಲಿ ಕಣ್ಣು ಮುಚ್ಚಬೇಡಿ ಅಂತ ಡಾಕ್ಟರ್ ಹೇಳಿದ್ದರು. ಹಾಗೇ ಆಯಿತು. ಎಂಟನೇ ದಿನ ಅಡತಿ ಅಂಗಡಿಯವನು ಮನೆ ಮುಂದೆ ಬಂದು ಜೋರು ಮಾಡಿ ಹೋದ. ಅವತ್ತು ರಾತ್ರಿ ಎರಡೂವರೆಗೆ ಎದ್ದಿದ್ದಾನೆ. ತಣ್ಣೀರು ಹಾಕಿಕೊಂಡಿದ್ದಾನೆ, ಏನೂ ಆಗಿಲ್ಲ. ಹಾರ್ಮೋನಿಯಂ ಹಚ್ಚಿದರೆ ಅಳು ಜಾಸ್ತಿಯಾಗಿದೆ. ಹೆಂಡತಿಯನ್ನು ಎಬ್ಬಿಸಿ "ನಂಗ ಶುರು ಆಗೇದ" ಅಂತ ಮೂರೇ ಮಾತು ಹೇಳಿದ್ದಾನೆ. ಇಬ್ಬರೂ ಮಗುವನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಕಾಕಾನ ಕಟ್ಟೆಗೆ ಹೋಗಿ ಬೆಳಗಿನವರೆಗೆ ಕೂತಿದ್ದರು. ಕಾಕಾ ಏನೂ ಕೇಳಲಿಲ್ಲವಂತೆ, ಚಹಾ ಮಾಡಿಸಿದರಂತೆ. ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ಆವತ್ತೇ ಹೋದರು.

ಹಾಳೆಯಲ್ಲಿ ಹಾರ್ಮೋನಿಯಂ ಸಾಲು ಅವನೇ ಹೊಡೆದು ಹಾಕಿದ್ದಾನೆ. "ಅದು ಆಮ್ಯಾಲ ನೋಡೂಣು" ಅಂದ.

ಲಿಂಗಸುಗೂರು ಅಣ್ಣ, ನಿಮ್ಮ ಮಾತೂ ನೆನಪಿಟ್ಟಿದ್ದೆ. ಬ್ಯಾಂಕಿಗೆ ನಾನೂ ಯಜಮಾನರೂ ಅವನ ಜೊತೆ ಹೋಗಿದ್ದೆವು. ಅರ್ಜಿ ಕೊಟ್ಟಿದ್ದೇವೆ, ಇನ್ನೂ ಉತ್ತರ ಇಲ್ಲ. ಕೈಸಾಲದ್ದು ಹಾಗೇ ಇದೆ.

ಎಣ್ಣೆಯ ಜಗಳ ಮಾತ್ರ ಮುಗಿದಿಲ್ಲ. ಹೊಲಕ್ಕೆ ಹುಳ ಬಿದ್ದಿದೆ. ಈಗ ಪಕ್ಕದ ಹೊಲದವರು ಅವರ ಹೊಲಕ್ಕೆ ಹೊಡೆಯುವ ದಿನವೇ ನಮ್ಮದಕ್ಕೂ ಹೊಡೆದು, ಉಳಿದದ್ದನ್ನು ಅವರೇ ತಗೊಂಡು ಹೋಗುತ್ತಾರೆ, ನಾವು ಕೂಲಿ ಕೊಡುತ್ತೇವೆ. ತಮ್ಮನಿಗೆ ಅದು ಅವಮಾನ ಅನಿಸಿದೆ. "ಎಷ್ಟು ದಿನ ಹಿಂಗ?" ಅಂತ ಮೊನ್ನೆ ಕೂಗಾಡಿದ. ಡಾಕ್ಟರ್ ಹೇಳೋವರೆಗೆ ಅಂದೆ. ಒಪ್ಪಿದನೋ ಇಲ್ಲವೋ ಗೊತ್ತಿಲ್ಲ, ಬೈದಾದರೂ ಬೈದನಲ್ಲ ಅಂತ ನನಗೆ ಅನಿಸಿತು. ಎರಡು ತಿಂಗಳು ಅದೂ ಇರಲಿಲ್ಲ.

ಸಿರುಗುಪ್ಪ ಮಾವ · ಬೆಳಿಗ್ಗೆ 10:50

ಗೆಜ್ಜೆ ಸರ ಎಲ್ಲಿದೆ ತಾಯಿ?

ಸಿಂಧನೂರು ಅಕ್ಕ · ಬೆಳಿಗ್ಗೆ 11:02

ನನ್ನ ಹತ್ತಿರವೇ ಇದೆ ಮಾವ. ವಾಪಸ್ ಕೊಡೋಕೆ ಹೋದೆ, ಇನ್ನೂ ತಗೊಂಡಿಲ್ಲ. ಮುಂದಿನ ಗುರುವಾರ ಡಾಕ್ಟರ್‌ಗೆ ಇದನ್ನೂ ಹೇಳ್ತೀನಿ.